ಇಂಗ್ಲೆಂಡಿನಲ್ಲಿ ಕಟ್ಟಿದ ತೆರಿಗೆ, ಇಲ್ಲಿ ಸಿಗುವ ಕ್ರೆಡಿಟ್: ಐದು ಪೇಸ್ಲಿಪ್‌ ಇಟ್ಟುಕೊಂಡು ಮಾಡಿದ ಲೆಕ್ಕ

ಕಳೆದ ಫೆಬ್ರವರಿ. ಗೋಣಿಕೊಪ್ಪದ ಸುತ್ತ ರೋಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿತ್ತು. ಪಕ್ಕದ ತೋಟದ ಮನೆಯ ಹುಡುಗ ಒಂದು ಪ್ಲಾಸ್ಟಿಕ್ ಫೈಲ್ ಹಿಡಿದುಕೊಂಡು ಬಂದ. ಸುಮಾರು ಎರಡು ವರ್ಷ ಇಂಗ್ಲೆಂಡಿನಲ್ಲಿ ಕೆಲಸ ಮಾಡಿ ಸೆಪ್ಟೆಂಬರ್‌ನಲ್ಲಿ ಊರಿಗೆ ವಾಪಸ್ ಬಂದಿದ್ದ. ಅಕ್ಟೋಬರ್‌ನಿಂದ ಮೈಸೂರಿನ ಒಂದು ಕಂಪನಿಯಲ್ಲಿ ಕೆಲಸ. "ಅಣ್ಣಾ, ಅಲ್ಲಿ ತಿಂಗಳಾ ತಿಂಗಳಾ ಟ್ಯಾಕ್ಸ್ ಹಿಡಿದಿದ್ದಾರೆ. ಇಲ್ಲಿ ಮತ್ತೆ ಕಟ್ಟಬೇಕಾ?" ಅಂತ ಕೇಳಿದ.

ಕಟ್ಟಬೇಕು, ಆದರೆ ಅಲ್ಲಿ ಕಟ್ಟಿದ್ದನ್ನು ಕಳೆದು. ಎಷ್ಟು ಕಳೆಯಬಹುದು ಅನ್ನೋದರಲ್ಲೇ ಜನ ಎಡವುತ್ತಾರೆ. ಪೇಸ್ಲಿಪ್‌ನಲ್ಲಿ 'ತೆರಿಗೆ' ಅಂತ ಕಂಡ ಮೊತ್ತವನ್ನೆಲ್ಲ ಕೂಡಿಸಿ ಕಳೆದುಬಿಡುತ್ತಾರೆ. ನಾನೂ ಮೊದಲ ಸಲ ಒಬ್ಬರಿಗೆ ಹಾಗೇ ಮಾಡಿಕೊಟ್ಟೆ. ಆಮೇಲೆ ಅವರಿಗೆ ವಿದೇಶದಿಂದ ಅರ್ಧಕ್ಕಿಂತ ಜಾಸ್ತಿ ಹಣ ವಾಪಸ್ ಬಂತು. ಇಲ್ಲಿ ರಿಟರ್ನ್ ತಿದ್ದಿ, ಬಡ್ಡಿ ಸೇರಿಸಿ ಕಟ್ಟಬೇಕಾಯಿತು. ಅವರ ಮುಖ ನೋಡೋದಕ್ಕೆ ನನಗೆ ಬಹಳ ಕಷ್ಟವಾಯಿತು. ಅದಕ್ಕೇ ಈ ಹುಡುಗನ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬರೆಯುತ್ತಿದ್ದೇನೆ. ಇದು 2025-26ರ ಹಣಕಾಸು ವರ್ಷದ ಲೆಕ್ಕ. ಕಲಂ ಮತ್ತು ಫಾರಂ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆಯವು.

ಮೊದಲು: ಆ ಸಂಬಳಕ್ಕೆ ಇಲ್ಲಿ ತೆರಿಗೆ ಇದೆಯಾ?

ಇದನ್ನು ನೋಡದೆ ಮುಂದೆ ಹೋಗಬೇಡಿ. ಇಲ್ಲಿ ತೆರಿಗೆಯೇ ಇಲ್ಲದಿದ್ದರೆ ಕ್ರೆಡಿಟ್‌ನ ಮಾತೇ ಬರುವುದಿಲ್ಲ.

ಹಣಕಾಸು ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದರೆ ನೀವು ನಿವಾಸಿ. ನಮ್ಮ ಹುಡುಗ 2025ರ ಸೆಪ್ಟೆಂಬರ್ 3ಕ್ಕೆ ಬಂದಿಳಿದ. ಅಲ್ಲಿಂದ ಮಾರ್ಚ್ 31ಕ್ಕೆ 210 ದಿನ. ಹಾಗಾಗಿ ನಿವಾಸಿ. ಅಕ್ಟೋಬರ್ ಆದಮೇಲೆ ಬಂದವರೂ ಸುಮ್ನೆ ನಿರಾಳರಾಗಬೇಡಿ. ಕಾಯಂ ಆಗಿ ವಾಪಸ್ ಬಂದವರು ಆ ವರ್ಷ 60 ದಿನ, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೂ ನಿವಾಸಿಯೇ ಆಗುತ್ತಾರೆ.

ಆಮೇಲೆ ಇನ್ನೊಂದು ಜರಡಿ ಇದೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿದ್ದದ್ದು 729 ದಿನ ಮೀರದಿದ್ದರೆ, 'ಸಾಮಾನ್ಯ ನಿವಾಸಿಯಲ್ಲದ' ವರ್ಗಕ್ಕೆ ಸೇರುತ್ತೀರಿ. ಆಗ ಹೊರದೇಶದಲ್ಲಿ ದುಡಿದು ಅಲ್ಲೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಹದಿನೈದು ವರ್ಷ ಕೊಲ್ಲಿ ದೇಶಗಳಲ್ಲಿದ್ದು ಬಂದವರು ಇಲ್ಲೇ ನಿಲ್ಲಬಹುದು. ನಮ್ಮ ಹುಡುಗ ಹೋದದ್ದು 2023ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲು ಪೂರ್ತಿ ಇಲ್ಲೇ ಇದ್ದ. ಹಾಗಾಗಿ ಈ ವಿನಾಯಿತಿ ಅವನಿಗೆ ಸಿಗಲಿಲ್ಲ. ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಇಂಗ್ಲೆಂಡ್ ಸಂಬಳವೂ ಇಲ್ಲಿನ ಲೆಕ್ಕಕ್ಕೆ ಬಂತು.

ಅದೇ ವರ್ಷ ಬ್ರಿಟನ್ ಕಾನೂನಿನ ಪ್ರಕಾರವೂ ಅವನು ಅಲ್ಲಿನ ನಿವಾಸಿ. ಎರಡೂ ಕಡೆ ನಿವಾಸಿ ಆದಾಗ, ಮನೆ ಎಲ್ಲಿದೆ, ಬದುಕಿನ ನಂಟು ಎಲ್ಲಿದೆ ಅಂತ ಎರಡು ದೇಶಗಳ ಒಪ್ಪಂದ ಕೇಳುತ್ತದೆ. ಅವನು ಅಲ್ಲಿದ್ದಷ್ಟು ಕಾಲವೂ ಹೆಂಡತಿ, ಮಗು, ಮನೆ ಎಲ್ಲ ಗೋಣಿಕೊಪ್ಪದಲ್ಲೇ ಇದ್ದವು. ಹಾಗಾಗಿ ಭಾರತದ ಕಡೆಗೇ ತೂಕ. ಸಂಸಾರ ಸಮೇತ ಹೋಗಿ ಅಲ್ಲೇ ಮನೆ ಮಾಡಿಕೊಂಡಿದ್ದವರ ಲೆಕ್ಕ ಬೇರೆಯಾಗಬಹುದು. ಅವರು ಇಲ್ಲಿ ಒಮ್ಮೆ ನಿಂತು ಲೆಕ್ಕಪರಿಶೋಧಕರನ್ನು ಕೇಳಲೇಬೇಕು.

ಪೇಸ್ಲಿಪ್ ಓದುವುದು

ಫೈಲಿನಲ್ಲಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಐದು ಪೇಸ್ಲಿಪ್ ಇದ್ದವು, ಜೊತೆಗೆ ಕೆಲಸ ಬಿಟ್ಟಾಗ ಕಂಪನಿ ಕೊಟ್ಟ `P45`. ಸಂಬಳ ಪ್ರತಿ ತಿಂಗಳ ಕೊನೆಗೆ ಆಗುತ್ತಿತ್ತು. ಪ್ರತಿ ಪೇಸ್ಲಿಪ್‌ನಲ್ಲಿ ಇದ್ದದ್ದು ಇಷ್ಟು: ಒಟ್ಟು ಸಂಬಳ 3,600 ಪೌಂಡ್, ಕಂಪನಿಯೇ ಸಂಬಳದಲ್ಲಿ ಹಿಡಿಯುವ ಆದಾಯ ತೆರಿಗೆ `PAYE Tax` ಸುಮಾರು 510 ಪೌಂಡ್, `National Insurance` ಸುಮಾರು 204 ಪೌಂಡ್, ಟ್ಯಾಕ್ಸ್ ಕೋಡ್ `1257L`. ಕಂಪನಿಯ ಪಿಂಚಣಿ ಯೋಜನೆಗೆ ಅವನು ಸೇರಿರಲಿಲ್ಲ.

ಇಲ್ಲಿನ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಒಟ್ಟು ಸಂಬಳ. ಬ್ಯಾಂಕಿಗೆ ಬಿದ್ದ ಮೊತ್ತವನ್ನಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಆದಾಯ ಬರೆದರೆ ತೆರಿಗೆ ಕಳೆದ ಹಣವನ್ನೇ ಆದಾಯ ಅಂದ ಹಾಗಾಗುತ್ತದೆ. ಆಮೇಲೆ ಅದೇ ತೆರಿಗೆಗೆ ಕ್ರೆಡಿಟ್ ಕೇಳಿದರೆ ಒಂದೇ ಹಣವನ್ನು ಎರಡು ಸಲ ಕಳೆದಂತೆ. ಐದು ತಿಂಗಳಿಗೆ ಒಟ್ಟು 18,000 ಪೌಂಡ್.

ಇನ್ನು `National Insurance`. ಇದು ಸಾಮಾಜಿಕ ಭದ್ರತೆಯ ವಂತಿಗೆ, ಆದಾಯ ತೆರಿಗೆ ಅಲ್ಲ. ಒಪ್ಪಂದದಲ್ಲಿ ಹೇಳಿದ ತೆರಿಗೆಗಳ ಸಾಲಿನಲ್ಲಿ ಇದು ಬರುವುದಿಲ್ಲ. ಐದು ತಿಂಗಳಿಗೆ 1,020 ಪೌಂಡ್ ಹೋಗಿದೆ. ಹೊಟ್ಟೆ ಉರಿಯುತ್ತದೆ ನಿಜ, ಆದರೆ ಕ್ರೆಡಿಟ್ ಸಿಗಲ್ಲ.

ವರ್ಷ ಹೊಂದಿಸುವ ತಲೆನೋವು ಬ್ರಿಟನ್ ಮಟ್ಟಿಗೆ ಕಡಿಮೆ. ಅವರ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ಏಪ್ರಿಲ್ ಕೊನೆಯ ಸಂಬಳದಿಂದ ಶುರುವಾಗುವ ಈ ಐದೂ ಪೇಸ್ಲಿಪ್ ಎರಡೂ ದೇಶದ ಒಂದೇ ವರ್ಷಕ್ಕೆ ಬೀಳುತ್ತವೆ. ಜರ್ಮನಿ, ಅಮೆರಿಕದಂತೆ ಜನವರಿಯಿಂದ ಲೆಕ್ಕ ಇಡುವ ದೇಶವಾದರೆ ವಾರ್ಷಿಕ ಪ್ರಮಾಣಪತ್ರ ಒಂದನ್ನೇ ನಂಬಿದರೆ ಆಗುವುದಿಲ್ಲ. ಯಾವ ಆದಾಯ ಇಲ್ಲಿ ಯಾವ ವರ್ಷಕ್ಕೆ ಬರುತ್ತದೋ ಅದರ ತೆರಿಗೆಗೆ ಆ ವರ್ಷವೇ ಕ್ರೆಡಿಟ್. ಹಾಗಾಗಿ ತಿಂಗಳವಾರು ಪೇಸ್ಲಿಪ್ ಹಿಡಿದೇ ಬೇರ್ಪಡಿಸಬೇಕು.

ಹಿಡಿದ ತೆರಿಗೆ ಬೇರೆ, ಉಳಿದ ತೆರಿಗೆ ಬೇರೆ

ನನಗೆ ಮುಖ್ಯ ಅನ್ನಿಸುವುದು ಈ ಭಾಗ.

`1257L` ಅಂದರೆ ವರ್ಷಕ್ಕೆ 12,570 ಪೌಂಡ್‌ವರೆಗೆ ತೆರಿಗೆ ಇಲ್ಲ ಅಂತ. ಕಂಪನಿ ಇದನ್ನು ಹನ್ನೆರಡು ತಿಂಗಳಿಗೆ ಹಂಚುತ್ತದೆ. ತಿಂಗಳಿಗೆ ಸುಮಾರು 1,048 ಪೌಂಡ್ ಬಿಟ್ಟು, ಉಳಿದ 2,552ಕ್ಕೆ ಶೇ. 20ರಂತೆ 510 ಪೌಂಡ್ ಹಿಡಿಯುತ್ತದೆ. ಇವನು ವರ್ಷಪೂರ್ತಿ ದುಡಿಯುತ್ತಾನೆ ಅಂತಲೇ ಆ ಲೆಕ್ಕ. ಆದರೆ ಇವನು ಐದೇ ತಿಂಗಳಿಗೆ ಬಿಟ್ಟು ಬಂದ. ಉಳಿದ ಏಳು ತಿಂಗಳ ವಿನಾಯಿತಿ ಹಾಗೇ ಉಳಿದಿದೆ.

ವರ್ಷದ ಲೆಕ್ಕ ಹಾಕಿ ನೋಡಿ. ಸಂಬಳ 18,000. ವಿನಾಯಿತಿ 12,570. ಉಳಿದದ್ದು 5,430. ಅದರ ಶೇ. 20 ಅಂದರೆ 1,086 ಪೌಂಡ್. ಹಿಡಿದದ್ದು ಮಾತ್ರ ಸುಮಾರು 2,550. ಅಂದರೆ 1,464 ಪೌಂಡ್ ಅವನಿಗೆ ವಾಪಸ್ ಬರಬೇಕಾದ ಹಣ. ಬ್ರಿಟನ್ ಬಿಟ್ಟು ಹೋಗುವವರು ಇದನ್ನು ಕೇಳುವುದಕ್ಕೆ `P85` ಅನ್ನುವ ಅರ್ಜಿ ಇದೆ, ಅದರ ಜೊತೆ `P45` ಭಾಗಗಳನ್ನು ಕಳಿಸಬೇಕು. ನಮ್ಮ ಹುಡುಗ ಕಳಿಸಿಯೇ ಇರಲಿಲ್ಲ. "ಅಲ್ಲಿಂದ ಬಂದಾಯ್ತಲ್ಲ, ಇನ್ನೇನು" ಅಂದುಕೊಂಡಿದ್ದ.

"ಕೇಳದಿದ್ದರೆ ಏನಾಯ್ತು? ಹಿಡಿದದ್ದಕ್ಕೆಲ್ಲ ಇಲ್ಲೇ ಕ್ರೆಡಿಟ್ ತಗೊಂಡರೆ ಆಯ್ತಲ್ವಾ?" ಅಂದ. ಆಗಲ್ಲ. ಅಲ್ಲಿನ ಕಾನೂನಿನ ಪ್ರಕಾರ ನಿಜವಾಗಿ ಕಟ್ಟಬೇಕಾದ ತೆರಿಗೆಗೆ ಮಾತ್ರ ನಮ್ಮ ಸರ್ಕಾರ ಕ್ರೆಡಿಟ್ ಕೊಡುತ್ತದೆ. ವಾಪಸ್ ಪಡೆಯಬಹುದಾದ ಹಣವನ್ನು ಅಲ್ಲೇ ಬಿಟ್ಟು ಅದರ ಹೊರೆಯನ್ನು ಇಲ್ಲಿಗೆ ಹೊರಿಸುವ ಹಾಗಿಲ್ಲ. ಹಾಗೆ ಮಾಡಿದರೆ ಮುಂದೊಂದು ದಿನ ಆ ಹಣ ವಾಪಸ್ ಬಂದಾಗ ಇಲ್ಲಿ ತೆಗೆದುಕೊಂಡ ಕ್ರೆಡಿಟ್ ತಪ್ಪಾಗಿರುತ್ತದೆ. ಅವತ್ತೇ ಕೂತು `P85` ಕಳಿಸಿದೆವು. ಒಂದು ಮಾತು: ಆ ಹಣ ಬರುವವರೆಗೂ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ.

ಇಂಥ ಹೆಚ್ಚು ಕಡಿತ ಆಗಿದೆಯಾ ಅಂತ ಪೇಸ್ಲಿಪ್‌ನಲ್ಲೇ ಗೊತ್ತಾಗುತ್ತದೆ. ವರ್ಷದ ನಡುವೆ ಸೇರಿದ್ದೀರಾ ಅಥವಾ ಬಿಟ್ಟಿದ್ದೀರಾ ನೋಡಿ. ಟ್ಯಾಕ್ಸ್ ಕೋಡ್‌ನ ಕೊನೆಗೆ `M1` ಅಂತ ಇದ್ದರೆ, ಅಥವಾ ಕೋಡ್ `BR` ಅಂತ ಇದ್ದರೆ ಇನ್ನೂ ಹುಷಾರಾಗಿರಿ. `M1` ಇದ್ದಾಗ ಪ್ರತಿ ತಿಂಗಳನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಾರೆ, ಹಿಂದಿನ ತಿಂಗಳ ಉಳಿಕೆ ವಿನಾಯಿತಿ ಸೇರುವುದಿಲ್ಲ. `BR` ಅಂದರೆ ವಿನಾಯಿತಿಯೇ ಇಲ್ಲದೆ ಪೂರ್ತಿ ಸಂಬಳಕ್ಕೆ ಶೇ. 20.

ಪೌಂಡನ್ನು ರೂಪಾಯಿ ಮಾಡುವುದು

ಗೂಗಲ್‌ನಲ್ಲಿ ಕಂಡ ದರ ಬೇಡ. ಬ್ಯಾಂಕ್ ಹಣ ಕಳಿಸಿದ ದಿನದ ದರವೂ ಬೇಡ. ನಿಯಮ 115ರ ಪ್ರಕಾರ, ಸಂಬಳ ಸಲ್ಲಬೇಕಾದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನ ಎಸ್‌ಬಿಐ ಪ್ರಕಟಿಸಿದ ಟಿಟಿ ಖರೀದಿ ದರ, ಅಂದರೆ ತಂತಿ ವರ್ಗಾವಣೆಯಲ್ಲಿ ಬಂದ ವಿದೇಶಿ ಹಣವನ್ನು ಬ್ಯಾಂಕ್ ಕೊಳ್ಳುವ ದರ ಬೇಕು. ತೆರಿಗೆಗೆ ನಿಯಮ 128 ಇದೆ. ಅಲ್ಲೂ ತೆರಿಗೆ ಹಿಡಿದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ದರವೇ. ಸಂಬಳ ಆಯಾ ತಿಂಗಳೇ ಸಿಕ್ಕಿದರೆ ಎರಡಕ್ಕೂ ಒಂದೇ ದರ ಬರುತ್ತದೆ. ಜೂನ್ ಸಂಬಳಕ್ಕೆ ಮೇ 31ರ ದರ, ಜೂನ್‌ನಲ್ಲಿ ಹಿಡಿದ ತೆರಿಗೆಗೂ ಮೇ 31ರ ದರ.

ಒಂದು ಹಾಳೆಯಲ್ಲಿ ಐದು ಸಾಲು ಬರೆದುಕೊಳ್ಳಿ. ಪ್ರತಿ ಸಾಲಿನಲ್ಲಿ ತಿಂಗಳು, ಸಂಬಳ, ತೆರಿಗೆ, ದರ. ವಾಪಸ್ ಬರುವ ಹಣ ಇದ್ದಾಗ ನಾನು ಕೊನೆಗೆ ಉಳಿದ ತೆರಿಗೆಯನ್ನು ಐದೂ ತಿಂಗಳಿಗೆ ಸಮನಾಗಿ ಹಂಚಿ, ಆಯಾ ತಿಂಗಳ ದರ ಹಾಕುತ್ತೇನೆ. ಆ ಹಾಳೆಯನ್ನು ಕಾಗದಪತ್ರಗಳ ಜೊತೆಗೇ ಇಡುತ್ತೇನೆ. ನಾಳೆ ಯಾರಾದರೂ ಕೇಳಿದರೆ ತೋರಿಸಬೇಕಲ್ಲ.

ಇಲ್ಲಿ ಓದುವವರಿಗೆ ಸುಲಭವಾಗಲಿ ಅಂತ ಐದೂ ತಿಂಗಳಿಗೆ 115 ರೂಪಾಯಿ ಅಂತ ಇಟ್ಟುಕೊಳ್ಳುತ್ತೇನೆ. ಹಾಗಾದರೆ ಸಂಬಳ 20,70,000 ರೂಪಾಯಿ. ಅಲ್ಲಿ ಕೊನೆಗೆ ಉಳಿದ ತೆರಿಗೆ 1,24,890 ರೂಪಾಯಿ.

ಇಲ್ಲಿನ ತೆರಿಗೆ, ಅದರಲ್ಲಿ ಇಂಗ್ಲೆಂಡ್ ಸಂಬಳದ ಪಾಲು

ಮೈಸೂರಿನ ಸಂಬಳ ತಿಂಗಳಿಗೆ 1,15,000. ಆರು ತಿಂಗಳಿಗೆ 6,90,000. ಎರಡೂ ಸೇರಿ 27,60,000. ಹೊಸ ಪದ್ಧತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 26,85,000.

ಹೊಸ ಪದ್ಧತಿಯಲ್ಲಿ 24 ಲಕ್ಷದವರೆಗಿನ ಹಂತಗಳ ತೆರಿಗೆ ಒಟ್ಟು 3,00,000. ಉಳಿದ 2,85,000ಕ್ಕೆ ಶೇ. 30ರಂತೆ 85,500. ಒಟ್ಟು 3,85,500. ಶೇ. 4 ಸೆಸ್ 15,420 ಸೇರಿದರೆ 4,00,920.

ಕ್ರೆಡಿಟ್‌ಗೆ ಒಂದು ಮಿತಿ ಇದೆ. ಅಲ್ಲಿ ಕಟ್ಟಿದ್ದು ಮತ್ತು ಅದೇ ಆದಾಯಕ್ಕೆ ಇಲ್ಲಿ ಬೀಳುವ ತೆರಿಗೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ. ಇಲ್ಲಿ ಬೀಳುವ ತೆರಿಗೆಯನ್ನು ಸರಾಸರಿಯಲ್ಲಿ ತೆಗೆಯಬೇಕು. ಶೇ. 30ರ ಹಂತದ ದರ ಹಾಕಬಾರದು.

```
ಮಿತಿ = ಒಟ್ಟು ತೆರಿಗೆ × (ವಿದೇಶಿ ಆದಾಯ ÷ ಒಟ್ಟು ಆದಾಯ)
     = 4,00,920 × (20,13,750 ÷ 26,85,000)
     = 3,00,690
```

20,13,750 ಎಲ್ಲಿಂದ ಬಂತು ಅಂದರೆ, 75,000 ಕಡಿತದಲ್ಲಿ ಇಂಗ್ಲೆಂಡ್ ಸಂಬಳದ ಪಾಲು ಮುಕ್ಕಾಲು, ಅಂದರೆ 56,250. ಅದನ್ನು 20,70,000ದಲ್ಲಿ ಕಳೆದದ್ದು. ಕಡಿತವನ್ನೆಲ್ಲ ಮೈಸೂರು ಸಂಬಳದ ಮೇಲೆ ಹಾಕಿ ಮಿತಿಯನ್ನು ಹಿಗ್ಗಿಸುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ.

ಮಿತಿ 3,00,690, ಅಲ್ಲಿ ಉಳಿದ ತೆರಿಗೆ 1,24,890. ಕಡಿಮೆ ಇರುವುದು ಎರಡನೆಯದು. ಹಾಗಾಗಿ ಕ್ರೆಡಿಟ್ 1,24,890. ಇಲ್ಲಿ ಕಟ್ಟಬೇಕಾದದ್ದು 2,76,030.

ಪೇಸ್ಲಿಪ್‌ನಲ್ಲಿ ಹಿಡಿದದ್ದನ್ನೇ ಹಾಕಿದ್ದರೆ? 2,550 ಪೌಂಡ್ ಅಂದರೆ 2,93,250 ರೂಪಾಯಿ. ಇದೂ ಮಿತಿಯ ಒಳಗೇ ಇದೆ. ಅದಕ್ಕೇ ಪೋರ್ಟಲ್ ಏನೂ ಹೇಳುವುದಿಲ್ಲ, ಸಲೀಸಾಗಿ ತೆಗೆದುಕೊಂಡುಬಿಡುತ್ತದೆ. 1,68,360 ರೂಪಾಯಿ ತಪ್ಪು ಕ್ರೆಡಿಟ್ ಆಗಿದೆ ಅಂತ ಆ ಹೊತ್ತಿಗೆ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಆದದ್ದೂ ಇದೇ.

ಮಿತಿ ಇನ್ನೊಂದು ದಿಕ್ಕಿನಲ್ಲೂ ಕಚ್ಚುತ್ತದೆ. ರಿಬೇಟ್‌ನಿಂದಾಗಿ ಇಲ್ಲಿ ತೆರಿಗೆ ಸೊನ್ನೆಯಾದರೆ ಕ್ರೆಡಿಟ್ ಕೂಡ ಸೊನ್ನೆ. ಅಲ್ಲಿ ಕಟ್ಟಿದ್ದನ್ನು ಭಾರತ ಸರ್ಕಾರ ವಾಪಸ್ ಕೊಡುವುದಿಲ್ಲ.

ತೋಟ ನಿಮ್ಮ ಹೆಸರಿನಲ್ಲಿದ್ದರೆ

ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಟ್ಟು ಲೆಕ್ಕ ಮುಗಿಸಲಾಗದು. ಕಾಫಿ ಹಣ್ಣು ಕೊಯ್ದು, ಒಣಗಿಸಿ, ಚೆರಿಯಾಗಿಯೇ ಮಾರಿದರೆ ಆ ಆದಾಯ ಕೃಷಿ ಆದಾಯ, ಕೇಂದ್ರದ ತೆರಿಗೆ ಇಲ್ಲ. ಆದರೆ ದರದ ಲೆಕ್ಕಕ್ಕೆ ಅದು ಬರುತ್ತದೆ. ಕೃಷಿ ಆದಾಯ 5,000 ಮೀರಿದ್ದರೆ ಅದನ್ನು ಒಟ್ಟಿಗೆ ಸೇರಿಸಿ ತೆರಿಗೆ ತೆಗೆದು, ಆಮೇಲೆ ಕೃಷಿ ಆದಾಯಕ್ಕೆ 4 ಲಕ್ಷ ಸೇರಿಸಿದ ಮೊತ್ತದ ತೆರಿಗೆಯನ್ನು ಕಳೆಯಬೇಕು.

ನಮ್ಮ ಹುಡುಗನ ಹೆಸರಿನಲ್ಲಿ 5 ಲಕ್ಷ ಕೃಷಿ ಆದಾಯ ಇದ್ದಿದ್ದರೆ 31,85,000ಕ್ಕೆ ತೆರಿಗೆ 5,35,500 ಆಗುತ್ತಿತ್ತು. ಅದರಲ್ಲಿ 9 ಲಕ್ಷದ ತೆರಿಗೆ 30,000 ಕಳೆದರೆ 5,05,500. ಸೆಸ್‌ಗೆ ಮೊದಲು 3,85,500 ಇದ್ದದ್ದು ಇಷ್ಟಕ್ಕೆ ಏರುತ್ತಿತ್ತು. ತೋಟ ಅವನ ಅಪ್ಪನ ಹೆಸರಿನಲ್ಲಿದೆ, ಹಾಗಾಗಿ ಬರಲಿಲ್ಲ. ಕಾಫಿಯನ್ನು ತಾವೇ ಸಂಸ್ಕರಿಸಿ ಮಾರುವವರಿಗೆ ನಿಯಮ 7ಬಿ ಪ್ರಕಾರ ಆ ಆದಾಯದ ಶೇ. 25 ವ್ಯಾಪಾರದ ಆದಾಯ. ಅವರ ರಿಟರ್ನ್ ಫಾರಂ ಕೂಡ ಬೇರೆ.

ಮುಂಗಡ ತೆರಿಗೆ: ಯಾರೂ ಹೇಳದ ಖರ್ಚು

ಮೈಸೂರಿನ ಕಂಪನಿ ಒಂದು ಪೈಸೆಯನ್ನೂ ಟಿಡಿಎಸ್ ಹಿಡಿದಿರಲಿಲ್ಲ. ಅವರಿಗೆ ಗೊತ್ತಿದ್ದದ್ದು 6,90,000 ಮಾತ್ರ. ಅಷ್ಟಕ್ಕೆ ರಿಬೇಟ್ ಆಗಿ ತೆರಿಗೆ ಸೊನ್ನೆ. ಅವರ ತಪ್ಪೇನೂ ಇಲ್ಲ. ಹಾಗಾಗಿ 2,76,030 ಪೂರ್ತಿ ಇವನೇ ಮುಂಗಡ ತೆರಿಗೆಯಾಗಿ ಕಟ್ಟಬೇಕಿತ್ತು. ಅದರ ಕಂತುಗಳು ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15 ಮತ್ತು ಮಾರ್ಚ್ 15.

ನನ್ನ ಹತ್ತಿರ ಬಂದದ್ದು ಫೆಬ್ರವರಿಯಲ್ಲಾದ್ದರಿಂದ ಮಾರ್ಚ್ 15ರೊಳಗೆ ಪೂರ್ತಿ ಕಟ್ಟಿಸಿದೆ. ಮೊದಲ ಮೂರು ಕಂತು ತಪ್ಪಿದ್ದಕ್ಕೆ ಕಲಂ 234ಸಿ ಬಡ್ಡಿ ಸುಮಾರು 11,000 ಬಂತು. ಮಾರ್ಚ್ ದಾಟಿ, ಜುಲೈನಲ್ಲಿ ರಿಟರ್ನ್ ಜೊತೆ ಕಟ್ಟಿದ್ದರೆ ಮಾರ್ಚ್ ಕಂತಿನ 234ಸಿ ಬಡ್ಡಿಯೂ, ವರ್ಷ ಮುಗಿದರೂ ಮುಂಗಡ ತೆರಿಗೆ ಕಟ್ಟದ್ದಕ್ಕೆ 234ಬಿ ಬಡ್ಡಿಯೂ ಸೇರಿ ಒಟ್ಟು 25,000ದ ಹತ್ತಿರ ಆಗುತ್ತಿತ್ತು. ವಿದೇಶಿ ತೆರಿಗೆ ಕ್ರೆಡಿಟ್ ಅನ್ನು ತೆರಿಗೆ ಮತ್ತು ಸೆಸ್ ವಿರುದ್ಧ ಹೊಂದಿಸಬಹುದು, ಬಡ್ಡಿಯ ವಿರುದ್ಧ ಆಗುವುದಿಲ್ಲ. ಊರಿಗೆ ಬಂದ ತಿಂಗಳೇ ಈ ಲೆಕ್ಕ ಹಾಕಿಕೊಳ್ಳಿ.

ಫಾರಂ 67, ಆಮೇಲೆ ರಿಟರ್ನ್

ಮೊದಲು ವಿದೇಶಿ ತೆರಿಗೆಯ ಕ್ರೆಡಿಟ್ ಕೇಳುವ ಫಾರಂ 67, ಆಮೇಲೆ ರಿಟರ್ನ್. ನಿಯಮದ ಪ್ರಕಾರ ಈ ವರ್ಷದ ಫಾರಂಗೆ 2027ರ ಮಾರ್ಚ್ 31ರವರೆಗೆ ಕಾಲ ಇದೆ. ಆದರೆ ಮೊದಲೇ ಹಾಕದಿದ್ದರೆ ರಿಟರ್ನ್ ಪರಿಶೀಲಿಸುವಾಗ ಕ್ರೆಡಿಟ್ ಬಿಟ್ಟುಹೋಗಿ ಪೂರ್ತಿ ತೆರಿಗೆಗೆ ಬೇಡಿಕೆ ಬರುವ ಅಪಾಯವಿದೆ. ಪೋರ್ಟಲ್‌ನಲ್ಲಿ ದಾರಿ ಹೀಗೆ:

```
e-File > Income Tax Forms > File Income Tax Forms > Form 67
```

ದೇಶ, ಆದಾಯದ ಮೂಲ, ಆದಾಯ 20,13,750, ಅಲ್ಲಿನ ತೆರಿಗೆ 1,24,890, ಇಲ್ಲಿ ಆ ಆದಾಯಕ್ಕೆ ಬೀಳುವ ತೆರಿಗೆ 3,00,690, ಕೇಳುವ ಕ್ರೆಡಿಟ್ 1,24,890. ಬ್ರಿಟನ್ ಜೊತೆ ಒಪ್ಪಂದ ಇರುವುದರಿಂದ ಕಲಂ 90. ಒಪ್ಪಂದವೇ ಇಲ್ಲದ ದೇಶವಾದರೆ ಕಲಂ 91. ಬ್ರಿಟನ್ ಒಪ್ಪಂದದಲ್ಲಿ ಸಂಬಳದ ವಿಧಿ 16, ಎರಡು ಸಲ ತೆರಿಗೆ ಬೀಳದಂತೆ ತಡೆಯುವ ವಿಧಿ 24.

ಪುರಾವೆಗೆ ಐದು ಪೇಸ್ಲಿಪ್, `P45`, ಮತ್ತು ಬ್ರಿಟನ್ ತೆರಿಗೆ ಇಲಾಖೆಯ ಅಂತಿಮ ಲೆಕ್ಕದ ಪತ್ರ. ಆ ಪತ್ರ ಬಂದ ಮೇಲೇ ಫಾರಂ ತುಂಬುವುದು ಒಳ್ಳೆಯದು. ಅದರಲ್ಲಿನ ಮೊತ್ತ ನಿಮ್ಮ ಲೆಕ್ಕದೊಂದಿಗೆ ಹೊಂದಬೇಕು. ಜೊತೆಗೆ ನೀವೇ ಸಹಿ ಮಾಡಿದ ಹೇಳಿಕೆ ಮತ್ತು ಆ ಐದು ಸಾಲಿನ ಹಾಳೆಯನ್ನೂ ಸೇರಿಸಿ. ಅಪ್‌ಲೋಡ್ ಆದ ಮೇಲೆ ಇ-ವೆರಿಫೈ ಮಾಡಿದರೇ ಫಾರಂ ಸಲ್ಲಿಕೆಯಾದಂತೆ.

ರಿಟರ್ನ್ ಐಟಿಆರ್-2ರಲ್ಲಿ. ಸಂಬಳದ ಪಟ್ಟಿಯಲ್ಲಿ ಇಂಗ್ಲೆಂಡ್ ಕಂಪನಿಯನ್ನು ಇನ್ನೊಬ್ಬ ಉದ್ಯೋಗದಾತನಾಗಿ ಸೇರಿಸಿ. ಆಮೇಲೆ `Schedule FSI`ನಲ್ಲಿ ವಿದೇಶಿ ಆದಾಯ, `Schedule TR`ನಲ್ಲಿ ಕ್ರೆಡಿಟ್. ಈ ಎರಡರ ಅಂಕಿ ಮತ್ತು ಫಾರಂ 67ರ ಅಂಕಿ ಒಂದು ರೂಪಾಯಿಯೂ ವ್ಯತ್ಯಾಸವಾಗದಂತೆ ನೋಡಿಕೊಳ್ಳಿ. ತೆರಿಗೆದಾರರ ಗುರುತಿನ ಸಂಖ್ಯೆ ಕೇಳಿದಾಗ ಅಲ್ಲಿನ `National Insurance` ಸಂಖ್ಯೆ ಹಾಕಬಹುದು. `Schedule FA` ಮರೆಯಬೇಡಿ, ಅಲ್ಲಿನ ಬ್ಯಾಂಕ್ ಖಾತೆ ಬರುವುದು ಅಲ್ಲಿ. ಆ ಪಟ್ಟಿಯಲ್ಲಿ ಲೆಕ್ಕ ಜನವರಿಯಿಂದ ಡಿಸೆಂಬರ್‌ವರೆಗೆ.

ಮೇ ಕೊನೆಯಲ್ಲಿ ಬ್ರಿಟನ್‌ನಿಂದ ಪತ್ರ ಬಂತು. ಅಂತಿಮ ತೆರಿಗೆ 1,086 ಪೌಂಡ್ ಅಂತಲೇ ಇತ್ತು. ಉಳಿದ ಹಣ ಅವನು ಮುಚ್ಚದೆ ಬಿಟ್ಟಿದ್ದ ಖಾತೆಗೆ ಬಂದಿದೆ. ಫಾರಂ 67 ಮೊನ್ನೆ ಸಲ್ಲಿಸಿದೆವು, ಈ ವಾರ ರಿಟರ್ನ್.